ಫೋಟೋದಲ್ಲಿ ಕೈ ರಿಪೇರಿ: ಎದ್ದ ನೇಲ್ ಪಾಲಿಶ್, ಒಣಗಿದ ಉಗುರಂಚು, ವಾಚಿನ ಬಿಳಿ ಪಟ್ಟಿ

"ಅಣ್ಣ, ಮುಖ ಚೆನ್ನಾಗಿ ಬಂದಿದೆ. ಕೈ ಮಾತ್ರ ನೋಡಕ್ಕಾಗ್ತಿಲ್ಲ" ಅಂತ ಹುಡುಗಿ ಫೋನ್ ಮಾಡಿದಳು. ತೀರ್ಥಹಳ್ಳಿ ಕಡೆಯ ಮನೆ. ನಿಶ್ಚಿತಾರ್ಥಕ್ಕೆ ಮುಂಚೆ ಜಗುಲಿಯ ಮೇಲೆ ಕೂರಿಸಿ ಒಂದಿಷ್ಟು ಫೋಟೋ ತೆಗೆದಿದ್ದೆ. ಅದರಲ್ಲಿ ಒಂದನ್ನು 12x18 ಅಳತೆಗೆ ಫ್ರೇಮ್ ಹಾಕಿಸಬೇಕಿತ್ತು. ಕೆನೆ ಬಣ್ಣದ ಸೀರೆ, ಮಡಿಲಲ್ಲಿ ಒಂದರ ಮೇಲೊಂದು ಇಟ್ಟ ಎರಡು ಕೈ. ಕೈ ಚಿತ್ರದ ನಟ್ಟನಡುವೆಯೇ ಇದೆ, ತಪ್ಪಿಸೋಕೆ ದಾರಿ ಇಲ್ಲ.

ಡಿಸೆಂಬರ್ ತಿಂಗಳು, ಅಡಿಕೆ ಸುಲಿಯುವ ಕಾಲ. ರಾತ್ರಿ ಎಲ್ಲರ ಜೊತೆ ಮೆಟ್ಟುಕತ್ತಿ ಮುಂದೆ ಕೂತವಳ ಉಗುರಿನಲ್ಲಿ ನೇಲ್ ಪಾಲಿಶ್ ಎಷ್ಟು ದಿನ ನಿಲ್ಲುತ್ತದೆ? ಮರೂನ್ ಬಣ್ಣ ನಾಲ್ಕು ಬೆರಳಲ್ಲಿ ತುದಿಯಿಂದ ಎದ್ದಿತ್ತು, ಕಿರುಬೆರಳಲ್ಲಂತೂ ಮುಕ್ಕಾಲು ಪಾಲು ಹೋಗಿತ್ತು. ಉಗುರಿನ ಬುಡದ ಚರ್ಮ ಒಣಗಿ ಬಿಳಿ ಪುಡಿಯಂತೆ ಎದ್ದಿತ್ತು. ಎಡಗೈ ಮಣಿಕಟ್ಟಿನಲ್ಲಿ ವಾಚು ಕಟ್ಟುವ ಜಾಗ ಬೆಳ್ಳಗೆ ಪಟ್ಟಿಯಂತೆ ಕಾಣುತ್ತಿತ್ತು. ಸ್ಕೂಟರ್ ಓಡಿಸುವವರ ಕೈ, ಹಿಂಬದಿ ಪೂರ್ತಿ ಬಿಸಿಲಿಗೆ ಕಪ್ಪಾಗಿದೆ. ಫೋಟೋಗೆ ಅಂತ ವಾಚು ಬಿಚ್ಚಿಟ್ಟು ಬಳೆ ಹಾಕಿದ್ದಳು. ಆ ಬಳೆಗಳು ಮೇಲಕ್ಕೆ ಸರಿದು ಪಟ್ಟಿ ಪೂರ್ತಿ ಬಯಲಾಗಿತ್ತು. ತೆಗೆಯುವಾಗಲೇ ನೋಡಿ ಬಳೆ ಕೆಳಗೆ ಸರಿಸಿದ್ದರೆ ಅರ್ಧ ಕೆಲಸ ಉಳಿಯುತ್ತಿತ್ತು. ನನ್ನ ಗಮನವೆಲ್ಲ ಮುಖದ ಮೇಲಿತ್ತು.

ಮೊದಲು ಲೆಕ್ಕ ಹಾಕಿದೆ. ಫೈಲು 4000x6000 ಪಿಕ್ಸೆಲ್. 18 ಇಂಚಿಗೆ ಪ್ರಿಂಟ್ ಮಾಡಿದರೆ ಇಂಚಿಗೆ ಸುಮಾರು 333 ಪಿಕ್ಸೆಲ್ ಸಿಗುತ್ತದೆ. ಅವಳ ತೋರುಬೆರಳಿನ ಉಗುರು ಫೈಲಿನಲ್ಲಿ 80 ಪಿಕ್ಸೆಲ್ ಅಗಲ, ಅಂದರೆ ಪ್ರಿಂಟಿನಲ್ಲಿ 6 ಮಿಲಿಮೀಟರ್. ಬಣ್ಣ ಎದ್ದ ಜಾಗ 15ರಿಂದ 20 ಪಿಕ್ಸೆಲ್, ಪ್ರಿಂಟಿನಲ್ಲಿ ಹೆಚ್ಚೆಂದರೆ ಸುಮಾರು ಒಂದೂವರೆ ಮಿಲಿಮೀಟರ್. ಚಿಕ್ಕದು ಅನ್ನಿಸಬಹುದು. ಆದರೆ ಮರೂನ್ ನಡುವೆ ತಿಳಿ ಗುಲಾಬಿ ಚುಕ್ಕೆ ಇದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಚರ್ಮದ ಪುಡಿಯಂತೂ ನಾಲ್ಕೈದು ಪಿಕ್ಸೆಲ್. ಒಂದೊಂದಾಗಿ ಕಾಣುವುದಿಲ್ಲ, ಎಲ್ಲ ಸೇರಿ ಉಗುರಿನ ಸುತ್ತ ಬೂದು ಬಳಿದ ಹಾಗೆ ಕಾಣುತ್ತದೆ. ಈ ಲೆಕ್ಕ ಇಲ್ಲದೆ ಕೂತರೆ 400 ಪರ್ಸೆಂಟ್ ಜೂಮ್ ಮಾಡಿಕೊಂಡು, ಪ್ರಿಂಟಿನಲ್ಲಿ ಯಾರಿಗೂ ಕಾಣದ ರೋಮದ ರಂಧ್ರ ತಿದ್ದುತ್ತಾ ಕೂರುವ ಅಪಾಯ ಇದೆ. ನಾನು 200 ದಾಟಲಿಲ್ಲ.

ಫೋಟೋಶಾಪ್‌ನಲ್ಲಿ ಎರಡು ಖಾಲಿ ಲೇಯರ್ ಮಾಡಿಕೊಂಡೆ. ಒಂದು ಚರ್ಮಕ್ಕೆ, ಒಂದು ಉಗುರಿಗೆ. ಕಪ್ಪು ಬಿಳುಪು ಸರಿಮಾಡುವ ಕರ್ವ್ಸ್ ಎಲ್ಲ ಇವುಗಳ ಮೇಲೆ ಬರಬೇಕು. ಬ್ರಷ್‌ಗಳ ಸ್ಯಾಂಪಲ್ ಸೆಟ್ಟಿಂಗ್ `Current & Below` ಇರಬೇಕು. ಇದನ್ನು ಒತ್ತಿ ಹೇಳೋಕೆ ಕಾರಣ ಇದೆ. ಮೊದಲ ಸಲ ಕೂತಾಗ ಆತುರಕ್ಕೆ ಕೈ ಬೆಳಗಿಸುವ ಕರ್ವ್ಸ್ ಹಾಕಿಟ್ಟು, ಆಮೇಲೆ ಕೆಳಗಿನ ಲೇಯರಿನಲ್ಲಿ `All Layers` ಇಟ್ಟುಕೊಂಡೇ ಚರ್ಮ ತಿದ್ದಿದೆ. ತಿದ್ದಿದ ಕಡೆಯೆಲ್ಲ ತೊನ್ನಿನ ಹಾಗೆ ಬಿಳಿ ಮಚ್ಚೆ ಎದ್ದವು. ಬ್ರಷ್ ತೆಗೆದುಕೊಂಡದ್ದು ಆಗಲೇ ಬೆಳಗಿದ ಬಣ್ಣ. ಅದನ್ನು ಕರ್ವ್ಸ್ ಕೆಳಗೆ ಇಟ್ಟರೆ ಅದು ಇನ್ನೊಮ್ಮೆ ಬೆಳಗುತ್ತದೆ. ಅರ್ಧ ಗಂಟೆಯ ಕೆಲಸ ಅಳಿಸಿ ಹೊಸದಾಗಿ ಶುರು ಮಾಡಿದೆ.

ಮೊದಲು ಉಗುರಿನ ಬುಡ. ಇಲ್ಲಿ ಹೀಲಿಂಗ್ ಬ್ರಷ್ ಒಳ್ಳೆಯ ಸಾಧನ, ಆದರೆ ಅದರ ಒಂದು ಚಾಳಿ ಗೊತ್ತಿರಬೇಕು. ಅದು ತಿದ್ದುವ ಜಾಗದ ಸುತ್ತಲಿನ ಬಣ್ಣವನ್ನು ಒಳಗೆ ಎಳೆದುಕೊಂಡು ಬೆರೆಸುತ್ತದೆ. ಚರ್ಮದ ಪಕ್ಕದಲ್ಲೇ ಮರೂನ್ ಉಗುರು ಇದ್ದರೆ ಆ ಮರೂನ್ ಚರ್ಮಕ್ಕೆ ಹಬ್ಬುತ್ತದೆ. ಕುಂಕುಮದ ಕೈಯಲ್ಲಿ ಒರೆಸಿದ ಹಾಗೆ ಒಂದು ಕಲೆ. ಇದನ್ನು ತಪ್ಪಿಸಲು, ಬ್ರಷ್ ಮುಟ್ಟುವ ಮೊದಲು ಉಗುರಿನ ಅಂಚನ್ನು ಸರಿಯಾಗಿ ಹಿಡಿದು ಚರ್ಮದ ಭಾಗವನ್ನು ಮಾತ್ರ ಸೆಲೆಕ್ಟ್ ಮಾಡಬೇಕು. ತಿದ್ದುವ ಜಾಗಕ್ಕಿಂತ ಸೆಲೆಕ್ಷನ್ ದೊಡ್ಡದಿರಲಿ, ಉಗುರಿನ ಕಡೆ ಮಾತ್ರ ಅಂಚಿಗೆ ಕರಾರುವಾಕ್ಕಾಗಿ ಅಂಟಿರಲಿ. ಆಗ ಹೊರಗಿನ ಬಣ್ಣ ಒಳಗೆ ಬರುವುದಿಲ್ಲ.

ಇದಕ್ಕೆ ಅಂತಲೇ ಪೆನ್ ಟೂಲಿನಲ್ಲಿ ಒಂದೊಂದು ಉಗುರಿಗೂ ಒಂದು ಪಾತ್ ಎಳೆದು ಸೇವ್ ಮಾಡಿದೆ. ಕಾಣುವುದು ಎಂಟು ಉಗುರು, ಹೆಬ್ಬೆರಳು ಎರಡೂ ಮಡಿಚಿವೆ. ಮುಕ್ಕಾಲು ಗಂಟೆ ಹಿಡಿಯಿತು. ಬೇಜಾರಿನ ಕೆಲಸವೇ. ಆದರೆ ಅದೇ ಪಾತನ್ನು ಚರ್ಮಕ್ಕೆ ತಿರುಗಿಸಿ ಒಮ್ಮೆ, ಉಗುರಿಗೆ ನೇರವಾಗಿ ಒಮ್ಮೆ, ಎರಡು ಸಲ ಬಳಸಬಹುದು. ಪಾತ್ ಎಳೆಯುವಾಗ ಈಗ ಬಣ್ಣ ಇರುವ ಗಡಿಯನ್ನು ಹಿಡಿಯಬೇಡಿ, ಉಗುರಿನ ಗಡಿ ಹಿಡಿಯಿರಿ. ಇಲ್ಲದಿದ್ದರೆ ಎದ್ದ ಬಣ್ಣದ ಆಕಾರವೇ ಪಾತಿನಲ್ಲಿ ಕೂರುತ್ತದೆ. ಸೆಲೆಕ್ಷನ್ ಮಾಡುವಾಗ ಅರ್ಧ ಪಿಕ್ಸೆಲ್ ಫೆದರ್ ಕೊಟ್ಟೆ. ಸೊನ್ನೆ ಕೊಟ್ಟರೆ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕಾಣುತ್ತದೆ.

ಬ್ರಷ್ ಅಳತೆ 10 ಪಿಕ್ಸೆಲ್, ಪುಡಿಗಿಂತ ಸ್ವಲ್ಪ ದೊಡ್ಡದು. ಅದೇ ಬೆರಳಿನ ಮೇಲಿನ ಗೆಣ್ಣಿನ ಹತ್ತಿರದ ಚರ್ಮದಿಂದ ಸ್ಯಾಂಪಲ್ ತೆಗೆದು ಒಂದೊಂದೇ ಚುಕ್ಕೆ ಒತ್ತಿದೆ. ಎಳೆಯಲಿಲ್ಲ. ಎಳೆದರೆ ಚರ್ಮದ ಗೆರೆಗಳು ಅಡ್ಡಾದಿಡ್ಡಿ ಆಗುತ್ತವೆ. ಬೆರಳಿನ ಚರ್ಮದ ಗೆರೆಗೆ ಒಂದು ದಿಕ್ಕು ಇರುತ್ತದೆ, ಅಂಗೈ ಬದಿಯಿಂದ ತಂದು ಅಂಟಿಸಿದರೆ ಗೊತ್ತಾಗಿಬಿಡುತ್ತದೆ. ಪುಡಿ ತುಂಬಾ ದಟ್ಟವಾಗಿದ್ದ ಎರಡು ಬೆರಳಿಗೆ ಬೇರೆ ಉಪಾಯ ಮಾಡಿದೆ. ಇನ್ನೊಂದು ಖಾಲಿ ಲೇಯರ್ ಮಾಡಿ ಆ ಲೇಯರಿನ ಮೋಡನ್ನು `Darken` ಗೆ ಬದಲಿಸಿ, ಕ್ಲೋನ್ ಸ್ಟ್ಯಾಂಪ್ ತೆಗೆದುಕೊಂಡು ಒಪಾಸಿಟಿ 35 ಇಟ್ಟೆ. ಈ ಮೋಡಿನಲ್ಲಿ, ಸ್ಯಾಂಪಲ್ ತೆಗೆದ ಬಣ್ಣಕ್ಕಿಂತ ತಿಳಿಯಾಗಿರುವ ಪಿಕ್ಸೆಲ್ ಮಾತ್ರ ಬದಲಾಗುತ್ತದೆ. ಬಿಳಿ ಪುಡಿ ಅಡಗುತ್ತದೆ, ಅದರ ನಡುವಿನ ಕಪ್ಪು ಗೆರೆಗಳು ಹಾಗೇ ಉಳಿಯುತ್ತವೆ. ಪುಡಿ ಹೋಯಿತು, ಚರ್ಮ ಚರ್ಮದ ಹಾಗೇ ಇದೆ. ಉಂಗುರದ ಬೆರಳಿನ ಪಕ್ಕ ಎದ್ದಿದ್ದ ಒಂದು ಚರ್ಮದ ಸಿಬಿರನ್ನು ಪೂರ್ತಿ ತೆಗೆದೆ.

ಇಲ್ಲಿ ಹಲವರು ಕೆಡಿಸುವುದು ಒಂದೇ ಜಾಗದಲ್ಲಿ. ಉಗುರು ಚರ್ಮದೊಳಗೆ ಹೋಗುವ ಕಡೆ ಒಂದು ಸಣ್ಣ ಮಡಿಕೆ, ಅದರ ಕೆಳಗೆ ಕೂದಲೆಳೆಯಷ್ಟು ನೆರಳು ಇರುತ್ತದೆ. ಚೊಕ್ಕ ಮಾಡುವ ಭರದಲ್ಲಿ ಆ ನೆರಳೂ ಹೋದರೆ ಉಗುರು ಬೆರಳ ಮೇಲೆ ಅಂಟಿಸಿದ ಬಿಂದಿಯ ಹಾಗೆ ಕಾಣುತ್ತದೆ. ಏನು ತಪ್ಪಾಗಿದೆ ಅಂತ ನೋಡುವವರಿಗೆ ಹೇಳೋಕೆ ಬರುವುದಿಲ್ಲ, ಏನೋ ಸರಿಯಿಲ್ಲ ಅನ್ನುತ್ತಾರೆ ಅಷ್ಟೇ. ಸ್ಕಿನ್ ಸ್ಮೂತ್ ಮಾಡಲು ಮುಖಕ್ಕೆ ಬಳಸುವ ಫ್ರೀಕ್ವೆನ್ಸಿ ಸೆಪರೇಷನ್ ವಿಧಾನವನ್ನು ನಾನು ಇಲ್ಲಿ ಬಳಸದಿರುವುದೂ ಇದಕ್ಕೇ. ಉಗುರಿನಷ್ಟು ಚಿಕ್ಕ ಜಾಗದಲ್ಲಿ ಬ್ಲರ್ ಮಾಡಿದ ಪದರದಲ್ಲಿ ಮರೂನ್ ಮತ್ತು ಚರ್ಮ ಒಂದಕ್ಕೊಂದು ಇಳಿದು ಅಂಚು ಮಂಕಾಗುತ್ತದೆ.

ಎರಡನೆಯದು ನೇಲ್ ಪಾಲಿಶ್. ಮೊದಲ ಪ್ರಯತ್ನ ದಡ್ಡತನದ್ದು: ಮರೂನ್ ಬಣ್ಣ ಹೆಕ್ಕಿ ಬ್ರಷ್‌ನಲ್ಲಿ ತುಂಬಿದೆ. ಸ್ಟಿಕ್ಕರ್! ಉಗುರು ಚಪ್ಪಟೆ ಅಲ್ಲ, ಹೆಂಚಿನ ಹಾಗೆ ಬಾಗಿದೆ. ಅಕ್ಕಪಕ್ಕ ಗಾಢ, ನಡುವೆ ತಿಳಿ, ಬೆಳಕು ಬೀಳುವ ಕಡೆ ಉದ್ದಕ್ಕೆ ಒಂದು ಹೊಳಪಿನ ಪಟ್ಟಿ. ಒಂದೇ ಬಣ್ಣ ತುಂಬಿದರೆ ಅದೆಲ್ಲ ಮುಚ್ಚಿಹೋಗುತ್ತದೆ. ಹಾಗಾಗಿ ಬಣ್ಣ ಬಳಿಯದೆ ಕ್ಲೋನ್ ಮಾಡಿದೆ. ಉಗುರಿನ ಪಾತನ್ನು ಸೆಲೆಕ್ಷನ್ ಮಾಡಿಕೊಂಡು, ಅದೇ ಉಗುರಿನಲ್ಲಿ ಚೆನ್ನಾಗಿರುವ ಭಾಗದಿಂದ ತೆಗೆದು ಎದ್ದ ಜಾಗಕ್ಕೆ ಇಟ್ಟೆ. ಸ್ಯಾಂಪಲ್ ಬಿಂದುವನ್ನು ಉಗುರಿನ ಉದ್ದಕ್ಕೆ ಸರಿಸಬೇಕು, ಅಡ್ಡಕ್ಕೆ ಅಲ್ಲ. ಎಡಬದಿಯ ತೂತಿಗೆ ಎಡಬದಿಯದೇ ಬಣ್ಣ. ಆಗ ನೆರಳು ತಾನಾಗಿ ಕೂಡುತ್ತದೆ.

ತುದಿಯಲ್ಲಿ ಬಣ್ಣ ಎದ್ದ ಕಡೆ ಬೆಳೆದ ಉಗುರಿನ ಬಿಳಿ ಕಾಣುತ್ತಿತ್ತು. ಅದನ್ನು ಕೊನೆಯವರೆಗೂ ಮುಚ್ಚಿದರೆ ಉಗುರಿಗೆ ದಪ್ಪವೇ ಇಲ್ಲದ ಹಾಗಾಯಿತು. ಪಕ್ಕದ ಒಳ್ಳೆಯ ಉಗುರನ್ನು ನೋಡಿದಾಗ ಗೊತ್ತಾದದ್ದು, ತುದಿಯಲ್ಲಿ ಒಂದೆರಡು ಪಿಕ್ಸೆಲ್ ಅಗಲದ ಗಾಢ ಗೆರೆ ಇದೆ. ಉಗುರು ಅಲ್ಲಿ ಕೆಳಕ್ಕೆ ಬಾಗುತ್ತದಲ್ಲ, ಅದರದು. ಆ ಗೆರೆಯನ್ನೂ ಅಲ್ಲಿಂದಲೇ ತಂದೆ.

ಬುಡದಲ್ಲಿ ಇನ್ನೊಂದು ಸಮಸ್ಯೆ. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಅವಳು ಪಾಲಿಶ್ ಹಾಕಿ ಹತ್ತು ದಿನ ಆಗಿತ್ತಂತೆ, ಅಂದರೆ ಬುಡದಲ್ಲಿ ಒಂದು ಮಿಲಿಮೀಟರ್ ಬಣ್ಣವಿಲ್ಲದ ಉಗುರು. ಫೈಲಿನಲ್ಲಿ ಏಳು ಪಿಕ್ಸೆಲ್. ಅದನ್ನೂ ಮುಚ್ಚಿದೆ, ಆದರೆ ಪೂರ್ತಿ ಅಲ್ಲ. ಈಗಷ್ಟೇ ಹಾಕಿದ ಪಾಲಿಶನ್ನು ಹತ್ತಿರದಿಂದ ನೋಡಿ: ಚರ್ಮಕ್ಕೆ ತಾಗದ ಹಾಗೆ ಒಂದು ಎಳೆ ಜಾಗ ಬಿಟ್ಟಿರುತ್ತಾರೆ. ಆ ಎಳೆಗೆ ಎರಡು ಪಿಕ್ಸೆಲ್ ಬಿಟ್ಟೆ. ಬಿಡದಿದ್ದರೆ ಬಣ್ಣ ಚರ್ಮದ ಒಳಗಿಂದ ಬಂದ ಹಾಗೆ ಕಾಣುತ್ತದೆ.

ಕಿರುಬೆರಳಲ್ಲಿ ಕ್ಲೋನ್ ಮಾಡೋಕೆ ಬಣ್ಣವೇ ಉಳಿದಿರಲಿಲ್ಲ. ಉಂಗುರದ ಬೆರಳಿನ ಉಗುರನ್ನು ರಿಪೇರಿ ಆದ ಮೇಲೆ ಕಾಪಿ ಮಾಡಿ, `Ctrl+T` ಒತ್ತಿ ಕಿರಿದು ಮಾಡಿ, `Warp` ನಲ್ಲಿ ಕಿರುಬೆರಳಿನ ಬಾಗಿಗೆ ಹೊಂದಿಸಿ, ಅದರ ಪಾತನ್ನು ಮಾಸ್ಕ್ ಮಾಡಿದೆ. ಮೊದಲು ಬಲಗೈಯ ಕಿರುಬೆರಳನ್ನೇ ತಿರುಗಿಸಿ ಎಡಗೈಗೆ ಇಟ್ಟು ನೋಡಿದ್ದೆ. ಆಕಾರ ಪಕ್ಕಾ ಕೂತಿತು. ಆದರೆ ತಿರುಗಿಸಿದಾಗ ಹೊಳಪೂ ಆ ಕಡೆಯಿಂದ ಈ ಕಡೆಗೆ ಹೋಗಿತ್ತು. ಬೆಳಕು ಬರುತ್ತಿರುವುದು ಅಂಗಳದ ಕಡೆಯಿಂದ, ಅಂದರೆ ಎಡಗಡೆಯಿಂದ. ಒಂದು ಉಗುರು ಮಾತ್ರ ಬಲಗಡೆ ಹೊಳೆದರೆ ಹೇಗೆ? ಬೇರೆ ಕೈಯಿಂದ ತರುವುದಕ್ಕಿಂತ ಅದೇ ಕೈಯ ಬೇರೆ ಬೆರಳಿಂದ ತರುವುದು ಮೇಲು. ಹೊಳಪು ಅಲ್ಲಲ್ಲಿ ತುಂಡಾಗಿದ್ದ ಕಡೆ ಬೇರೆ ಲೇಯರಿನಲ್ಲಿ ಸಣ್ಣ ಬ್ರಷ್‌ನಿಂದ ಸೇರಿಸಿದೆ. ಬಣ್ಣ ಆ ಹೊಳಪಿನಿಂದಲೇ ಹೆಕ್ಕಿದ್ದು. ಅದು ನಸು ಗುಲಾಬಿ. ಅಚ್ಚ ಬಿಳಿ ಬಳಿದರೆ ಸುಣ್ಣದ ಗೆರೆ ಆಗುತ್ತದೆ.

ತೋರುಬೆರಳಿನ ತುದಿಯಲ್ಲಿ ಅಡಿಕೆ ಚೊಗರಿನ ಕಂದು ಕಲೆ ಇತ್ತು. ತೆಗೀಲಾ ಅಂತ ಕೇಳಿದೆ. "ಅಮ್ಮನ್ನ ಕೇಳಿ ಹೇಳ್ತೀನಿ ಅಣ್ಣ" ಅಂದಳು. ಅಮ್ಮನ ಉತ್ತರ: "ಅಡಿಕೆ ಮನೆ ಹುಡುಗಿ, ಇರಲಿ ಬಿಡಿ, ಉಗುರು ಮಾತ್ರ ಸರಿ ಮಾಡಿ." ಕಲೆಯನ್ನು ಅರ್ಧಕ್ಕೆ ತಗ್ಗಿಸಿ ಬಿಟ್ಟೆ. ಪೂರ್ತಿ ಬಿಟ್ಟರೆ ಪ್ರಿಂಟಿನಲ್ಲಿ ಕೊಳೆ ಅನ್ನಿಸುತ್ತದೆ ಅನ್ನುವುದು ನನ್ನ ಲೆಕ್ಕ.

ಇನ್ನು ಟ್ಯಾನ್. ನಾನು ಜಾಸ್ತಿ ಹೊತ್ತು ಯೋಚನೆ ಮಾಡಿದ್ದು ಇಲ್ಲೇ. ಕೈ ಮುಖಕ್ಕಿಂತ ಕಪ್ಪಾಗಿ ಕಾಣುತ್ತಿದೆ, ಸರಿ. ಆದರೆ ಅದರಲ್ಲಿ ಬಿಸಿಲಿನ ಪಾಲೆಷ್ಟು, ನೆರಳಿನ ಪಾಲೆಷ್ಟು? ಕೈ ಮಡಿಲಲ್ಲಿದೆ, ಬೆಳಕು ಅಲ್ಲಿಗೆ ಕಡಿಮೆಯೇ ಬೀಳುತ್ತದೆ. ನೆರಳಿನ ಪಾಲನ್ನೂ ತೆಗೆದುಹಾಕಿದರೆ ಕೈ ತಾನೇ ಬೆಳಕು ಬೀರುವ ಹಾಗೆ ಕಾಣುತ್ತದೆ.

ಇದನ್ನು ಬೇರೆ ಮಾಡಲು ಸೀರೆ ಸಹಾಯ ಮಾಡಿತು. ಕಲರ್ ಸ್ಯಾಂಪ್ಲರ್ ತೆಗೆದು, ಸ್ಯಾಂಪಲ್ ಸೈಜ್ `11 by 11 Average` ಇಟ್ಟು, `Info` ಪ್ಯಾನೆಲಿನಲ್ಲಿ Lab ಅಂಕಿ ಓದಿದೆ. ಇದರಲ್ಲಿ L ಅನ್ನುವುದು ಎಷ್ಟು ಬೆಳಕು ಅನ್ನುವ ಅಂಕಿ, 0 ಕಪ್ಪು, 100 ಬಿಳಿ. b ಜಾಸ್ತಿಯಾದಷ್ಟು ಹಳದಿ. ಸೀರೆಯ ಕೆನೆ ಬಣ್ಣ ಭುಜದ ಹತ್ತಿರ L 84, ಮಡಿಲಲ್ಲಿ ಕೈ ಪಕ್ಕ 79. ಬಟ್ಟೆ ಒಂದೇ, ಹಾಗಾಗಿ ಈ 5 ಬೆಳಕಿನದು. ಕೆನ್ನೆಯಲ್ಲಿ L 64. ಹಾಗಾದರೆ ಬಿಸಿಲೇ ತಾಗದ ಕೈ ಅಲ್ಲಿ ಸುಮಾರು 60 ಇರಬೇಕು. ವಾಚಿನ ಪಟ್ಟಿ ಓದಿದೆ: 60! ಕೈ ಹಿಂಬದಿ 52. ಅಂದರೆ ಮುಖಕ್ಕೂ ಕೈಗೂ ಇರುವ 12 ಅಂಕಿಯ ವ್ಯತ್ಯಾಸದಲ್ಲಿ ಬಿಸಿಲಿನದು ಬರೀ 8. ಇದು ಒರಟು ಲೆಕ್ಕ. ಗಾಢ ಬಣ್ಣ ಮತ್ತು ತಿಳಿ ಬಣ್ಣ ಒಂದೇ ಅಳತೆಯಲ್ಲಿ ತಗ್ಗುವುದಿಲ್ಲ. ಆದರೂ ಕಣ್ಣಂದಾಜಿಗಿಂತ ವಾಸಿ. ಅಂಕಿ ನೋಡದೆಯೂ ಒಂದು ಗುರುತು ಇದೆ: ಟ್ಯಾನಿಗೆ ಅಂಚು ಇರುತ್ತದೆ, ವಾಚು, ಉಂಗುರ, ತೋಳಿನ ಗಡಿ ಹೀಗೆ. ಜಗುಲಿಯ ಮೃದುವಾದ ಬೆಳಕಿನ ನೆರಳು ಮೆಲ್ಲಗೆ ಇಳಿಯುತ್ತದೆ.

ಇನ್ನೊಂದು ಮೋಸ ಇತ್ತು. ಕೈಯ ಕೆಳಬದಿ ಮಾಸಲು ಹಸಿರಾಗಿ ಕಾಣುತ್ತಿತ್ತು. ಅದು ಟ್ಯಾನ್ ಅಲ್ಲ, ಅಂಗಳದಾಚೆಯ ತೋಟದ ಹಸಿರು ಬಡಿದದ್ದು. ನಮ್ಮ ಕಡೆ ಜಗುಲಿಯಲ್ಲಿ ತೆಗೆದರೆ ಇದು ಇದ್ದದ್ದೇ. ಇದಕ್ಕೆ ಬೆಳಕು ಏರಿಸಬಾರದು. ಒಂದು ಕರ್ವ್ಸಿನಲ್ಲಿ ಹಸಿರು ಚಾನೆಲನ್ನು ಕೂದಲಷ್ಟು ಇಳಿಸಿ ಆ ಅಂಚಿಗೆ ಮಾತ್ರ ಮಾಸ್ಕ್ ಹಾಕಿದೆ.

ಕೈಯನ್ನು 60ಕ್ಕೆ ಏರಿಸಲಿಲ್ಲ. 57ಕ್ಕೆ ನಿಲ್ಲಿಸಿದೆ, ವಾಚಿನ ಪಟ್ಟಿಯನ್ನು 60ರಿಂದ 57ಕ್ಕೆ ಇಳಿಸಿದೆ. ಎರಡು ಬೇರೆ ಕರ್ವ್ಸ್, ಎರಡೂ `Luminosity` ಮೋಡಿನಲ್ಲಿ. ಬರೀ ಕೈ ಏರಿಸಿ ಪಟ್ಟಿಗೆ ಸೇರಿಸುವುದಕ್ಕಿಂತ ಎರಡೂ ಕಡೆಯಿಂದ ನಡುವೆ ಬಂದರೆ ತಿದ್ದುಪಡಿ ಕಡಿಮೆ, ಚರ್ಮದ ಗೆರೆಯೂ ಉಳಿಯುತ್ತದೆ. ಮನೆಯವರು "ಸ್ವಲ್ಪ ಬೆಳ್ಳಗೆ ಮಾಡಿ" ಅನ್ನುವುದು ನನಗೆ ಹೊಸದಲ್ಲ. ಮುಖಕ್ಕಿಂತ ಕೈ ತಿಳಿಯಾದರೆ ಬೇರೆಯವರ ಕೈ ತಂದಿಟ್ಟ ಹಾಗಿರುತ್ತದೆ ಅಂತ ಹೇಳಿ ಅಲ್ಲಿಗೇ ನಿಲ್ಲಿಸುತ್ತೇನೆ.

ಮಾಸ್ಕನ್ನು ಕಪ್ಪು ತುಂಬಿ, ಬಿಳಿ ಬ್ರಷ್‌ನಲ್ಲಿ ಫ್ಲೋ 10 ಇಟ್ಟು ಮೆಲ್ಲಗೆ ತೆರೆದೆ. ಬೆರಳ ಗೆಣ್ಣುಗಳನ್ನು ಅರ್ಧ ಮಾತ್ರ ತೆರೆದೆ. ಗೆಣ್ಣು ಬಿಸಿಲು ಕಾಣದವರಿಗೂ ಸ್ವಲ್ಪ ಕಪ್ಪೇ. ಅದನ್ನೂ ಸಮ ಮಾಡಿದರೆ ಕೈಗೆ ಗ್ಲೌಸ್ ಹಾಕಿದ ಹಾಗಾಗುತ್ತದೆ. ವಾಚಿನ ಗಡಿಯಲ್ಲಿ ಬಣ್ಣ ಬದಲಾಗುವ ಜಾಗ ಸುಮಾರು 20 ಪಿಕ್ಸೆಲ್ ಇತ್ತು, ಅಲ್ಲಿ ಬ್ರಷ್ಷಿನ ಅಂಚಿನ ಮೃದುತನವೂ ಅಷ್ಟೇ ಇರುವ ಹಾಗೆ ನೋಡಿಕೊಂಡೆ. ಬೆಳಕು ಸಮ ಆದ ಮೇಲೂ ಕೈಯಲ್ಲಿ ಹಳದಿ ಜಾಸ್ತಿ ಉಳಿದಿತ್ತು: b ಕೈಯಲ್ಲಿ 24, ಪಟ್ಟಿಯಲ್ಲಿ 20. ಹೊಸ ಲೇಯರನ್ನು `Color` ಮೋಡಿಗೆ ಇಟ್ಟು, ಕೆನ್ನೆಯಿಂದ ಬಣ್ಣ ಹೆಕ್ಕಿ 25 ಪರ್ಸೆಂಟಿನಲ್ಲಿ ಎರಡರ ಮೇಲೂ ಬಳಿದೆ. ಒಮ್ಮೆ 50ಕ್ಕೆ ಏರಿಸಿ ನೋಡಿದೆ. ಕೈಯಲ್ಲಿರುವ ನರದ ನೀಲಿ, ಗೆಣ್ಣಿನ ಕೆಂಪು ಎಲ್ಲ ಮಾಯವಾಗಿ ಮಣ್ಣಿನ ಬೊಂಬೆಯ ಕೈ ಆಯಿತು. 25ಕ್ಕೇ ಇಳಿದೆ.

ಪರೀಕ್ಷೆಗೆ ಎಲ್ಲಕ್ಕಿಂತ ಮೇಲೆ ಒಂದು ಬ್ಲ್ಯಾಕ್ ಅಂಡ್ ವೈಟ್ ಲೇಯರ್, ಅದರ ಮೇಲೆ ತುಂಬಾ ಕಡಿದಾದ ಕರ್ವ್ಸ್ ತಾತ್ಕಾಲಿಕವಾಗಿ ಹಾಕಿದೆ. ಸಣ್ಣ ಏರುಪೇರೂ ಮೋಡದ ಹಾಗೆ ಎದ್ದು ಕಾಣುತ್ತದೆ. ಉಂಗುರದ ಬೆರಳ ಬುಡದಲ್ಲಿ ಒಂದು ಮಚ್ಚೆ ಸಿಕ್ಕಿತು, ಮಾಸ್ಕ್ ಸರಿಪಡಿಸಿದೆ. ಆಮೇಲೆ ಆ ಎರಡೂ ಲೇಯರ್ ಅಳಿಸಿದೆ.

ಫ್ರೇಮಿಗೆ ಹೋಗುವ ಮುಂಚೆ ಕೈಯ ಜಾಗವನ್ನು ಮಾತ್ರ ಅದೇ ರೆಸಲ್ಯೂಷನ್‌ನಲ್ಲಿ ಕತ್ತರಿಸಿ, ಶಿವಮೊಗ್ಗದಲ್ಲಿ ಒಂದು 4x6 ಪ್ರಿಂಟ್ ತೆಗೆಸಿದೆ. ದೊಡ್ಡ ಪ್ರಿಂಟ್ ಹಾಳಾಗುವುದಕ್ಕಿಂತ ಇದು ಅಗ್ಗ. ಪ್ರಿಂಟ್ ನನ್ನ ಮಾನಿಟರಿಗಿಂತ ಕಪ್ಪಾಗಿ ಬಂತು. ಪರದೆಯಲ್ಲಿ ಕಾಣದಿದ್ದ ವಾಚಿನ ಕೆಳಗಡಿ ಎಳೆಯಷ್ಟು ಗಾಢ ಗೆರೆಯಾಗಿ ಕಂಡಿತು. ಎರಡು ಮಾಸ್ಕ್‌ಗಳ ನಡುವೆ, ಕೈಯ ಕಪ್ಪು ಅಂಚು ಏರದೇ ಉಳಿದ ಜಾಗ ಅದು. ಕೈ ಏರಿಸಿದ ಮಾಸ್ಕನ್ನು ಅಲ್ಲಿ ಐದಾರು ಪಿಕ್ಸೆಲ್ ಪಟ್ಟಿಯ ಕಡೆ ಚಾಚಿದೆ. ಎರಡನೇ ಪ್ರಿಂಟಿನಲ್ಲಿ ಗೆರೆ ಇರಲಿಲ್ಲ.

ಒಟ್ಟು ಮೂರೂವರೆ ಗಂಟೆ, ಹಾಳು ಮಾಡಿದ ಅರ್ಧ ಗಂಟೆ ಸೇರಿ. ಫ್ರೇಮ್ ಕೊಟ್ಟ ಮೇಲೆ ಅದೇ ಸೀರೆಯ ಇನ್ನೊಂದು ಫೋಟೋ ಬೇಕು ಅಂದರು. ಅದರಲ್ಲಿ ಕೈ ಬೇರೆ ಭಂಗಿಯಲ್ಲಿದೆ, ಪಾತ್ ಎಲ್ಲ ಹೊಸದಾಗಿ ಎಳೆಯಬೇಕು. ಕರ್ವ್ಸ್ ಮಾತ್ರ ಮೊದಲ ಫೈಲಿನಿಂದ ಎಳೆದುಕೊಂಡು ಮಾಸ್ಕ್ ಖಾಲಿ ಮಾಡಿಟ್ಟಿದ್ದೇನೆ. ಈ ಫೋಟೋದಲ್ಲಿ ಬಳೆ ವಾಚಿನ ಜಾಗದ ಮೇಲೇ ಕೂತಿದೆ.